ಮುಕ್ಕಾಲು ನಿಮಿಷದ ಆಮಂತ್ರಣ

ಅಂಗಡಿಯ ವಾರ್ಷಿಕೋತ್ಸವಕ್ಕೆ ಈಗ ಕರಪತ್ರಕ್ಕಿಂತ ಮೊದಲು ವಾಟ್ಸಾಪ್ ವಿಡಿಯೋ ಬರುತ್ತದೆ. ಅದರಲ್ಲಿ ಲಾಂಛನ ಗಿರಗಿರ ತಿರುಗುತ್ತದೆ, ನಾದಸ್ವರ ಮೊಳಗುತ್ತದೆ, ‘ಆತ್ಮೀಯ ಗ್ರಾಹಕ ಬಂಧುಗಳೇ’ ಎಂದು ಶುರುವಾದ ಮಾತು ಮಾಲೀಕರ ತಂದೆಯವರ ಕಾಲದಿಂದ ಇಳಿದು ಬರುತ್ತದೆ. ತಾರೀಖು ತೆರೆಯ ಮೇಲೆ ಬರುವ ಹೊತ್ತಿಗೆ ನೋಡುವವರು ಮುಂದಿನದಕ್ಕೆ ಹೋಗಿರುತ್ತಾರೆ. ಎಷ್ಟೋ ಜನ ಬಸ್ಸಿನಲ್ಲೋ ಕಚೇರಿಯಲ್ಲೋ ಧ್ವನಿ ಮುಚ್ಚಿಯೇ ನೋಡುವುದರಿಂದ ಬಾಯಲ್ಲಿ ಹೇಳಿದ ದಿನ, ವೇಳೆ ಅಕ್ಷರದಲ್ಲೂ ಇರಬೇಕು. ಆ ಅಕ್ಷರ ತೆರೆಯ ತೀರ ಕೆಳಗೆ ಬೇಡ, ಅಲ್ಲಿ ಮೊಬೈಲಿನ ಗುಂಡಿಗಳು ಅದನ್ನು ಮುಚ್ಚಿಬಿಡುತ್ತವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನ ಚಿಕ್ಕ ಗಡಿಯಾರದ ಬಳಿ ಒಂದು ಪಾತ್ರೆ ಅಂಗಡಿ, ಅದಕ್ಕೆ 25 ವರ್ಷ ತುಂಬುತ್ತಿದೆ. ಸಮಾರಂಭ 2026ರ ಜೂನ್ 28ಕ್ಕೆ. ತಾರೀಖಿನ ಜತೆ ‘ಭಾನುವಾರ’ ಎಂದು ಸೇರಿಸಲೇಬೇಕು. ನಮ್ಮಲ್ಲಿ ಬಹಳ ಜನ ನೆನಪಿಟ್ಟುಕೊಳ್ಳುವುದು ವಾರವನ್ನು. ಎರಡೂ ಇದ್ದರೆ ಒಂದು ತಪ್ಪಾಗಿ ಕೇಳಿಸಿದರೂ ಇನ್ನೊಂದು ಸರಿಪಡಿಸುತ್ತದೆ. ‘ಬೆಳಿಗ್ಗೆ ಹತ್ತರಿಂದ’ ಎಂದು ಹೇಳಿ ಬಿಟ್ಟರೆ ಸಾಲದು, ಎಷ್ಟರವರೆಗೆ ಎಂಬುದೂ ಬೇಕು. ಪೂಜೆಗೆ ಬರುವವರು ಬೇರೆ, ಕೊಳ್ಳಲು ಬರುವವರು ಬೇರೆ. ಅಂದಹಾಗೆ, ಭಾನುವಾರ ಸಂಜೆ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ನೀವು ನಂಬದಿದ್ದರೂ ಹೊಸ ಪಾತ್ರೆ ಕೊಳ್ಳಲು ಬರುವ ಮನೆಯವರು ನಂಬಬಹುದು, ಮುಖ್ಯ ಕಾರ್ಯಕ್ರಮವನ್ನು ಆ ವೇಳೆಗೆ ಇಡದಿರುವುದೇ ಜಾಣತನ.

ಜಗಳ ಹುಟ್ಟುವುದು ಉಡುಗೊರೆಯಲ್ಲಿ. ‘ಬಂದವರಿಗೆಲ್ಲ ಆಕರ್ಷಕ ಉಡುಗೊರೆ’ ಎಂದು ವಿಡಿಯೋದಲ್ಲಿ ಸಾರಿ, ಗಲ್ಲಾ ಮುಂದೆ ‘ಎರಡು ಸಾವಿರಕ್ಕೆ ಮೇಲೆ ಕೊಂಡರೆ ಮಾತ್ರ’ ಎಂದರೆ ಗ್ರಾಹಕರು ಸುಮ್ಮನಿರುವುದಿಲ್ಲ. ಕಾನೂನೂ ಸುಮ್ಮನಿಲ್ಲ. ದಾರಿ ತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಉಚಿತ ಎಂದು ಹೇಳುವಾಗ ಅದನ್ನು ಪಡೆಯಲು ಗ್ರಾಹಕರು ಏನು ಮಾಡಬೇಕೆಂಬುದು ಸ್ಪಷ್ಟವಾಗಿರಬೇಕು, ಷರತ್ತನ್ನು ಜಾಹೀರಾತಿನ ಭಾಷೆಯಲ್ಲೇ ಹೇಳಬೇಕು, ಧ್ವನಿಯಲ್ಲಿ ಹೇಳಿದ ಮಾತಿನ ಷರತ್ತು ಆ ಧ್ವನಿಯ ಜತೆಯಲ್ಲೇ, ಅದೇ ವೇಗದಲ್ಲಿ ಬರಬೇಕು ಎನ್ನುತ್ತದೆ ಅದು. ಕನ್ನಡದಲ್ಲಿ ಕರೆದು ಕೊನೆಯಲ್ಲಿ ಇರುವೆಗಾತ್ರದ ಇಂಗ್ಲಿಷಿನಲ್ಲಿ ‘ಷರತ್ತು ಅನ್ವಯ’ ಎಂದು ಹಾಕುವ ಚಾಳಿ ಇಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಏನು, ಯಾರಿಗೆ, ಎಷ್ಟು ಖರೀದಿಗೆ, ಎಷ್ಟು ಮಂದಿಗೆ ಎಂಬ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿ. ಇನ್ನೂರು ಡಬ್ಬಿ ತರಿಸಿದ್ದರೆ ‘ಮೊದಲ ಇನ್ನೂರು ಬಿಲ್ಲಿಗೆ’ ಎಂದೇ ಹೇಳಿ.

ಇನ್ನು ದಾರಿ. ಅಂಗಡಿಯವರು ತಮಗೆ ಗೊತ್ತಿರುವ ದಾರಿಯನ್ನು ಊರಿಗೆಲ್ಲ ಗೊತ್ತು ಎಂದುಕೊಳ್ಳುತ್ತಾರೆ. ‘ಬಸ್ ಸ್ಟ್ಯಾಂಡ್ ಹತ್ತಿರ, ಗಡಿಯಾರದ ಪಕ್ಕ’ ಎಂದರೆ ಮೈಸೂರಿನಲ್ಲಿ ಎರಡು ಸಲ ದಾರಿ ತಪ್ಪಬಹುದು. ಸಿಟಿ ಬಸ್ ನಿಲ್ದಾಣ ಬೇರೆ, ಹೊರಊರಿನ ಬಸ್ಸುಗಳು ನಿಲ್ಲುವ ಸಬರ್ಬನ್ ನಿಲ್ದಾಣ ಬೇರೆ. ಅರಮನೆ ಕಡೆಯ ದೊಡ್ಡ ಗಡಿಯಾರ ಬೇರೆ, ದೇವರಾಜ ಮಾರುಕಟ್ಟೆ ಮುಂದಿನ ಚಿಕ್ಕ ಗಡಿಯಾರ ಬೇರೆ. ಎಡ, ಬಲ ಎನ್ನುವಾಗ ಯಾವ ಕಡೆಗೆ ಮುಖ ಮಾಡಿ ನಿಂತಾಗ ಎಂಬುದನ್ನೂ ಹೇಳಬೇಕು. ಈ ಭಾಗವನ್ನು ಮೊಬೈಲ್ ಉದ್ದಕ್ಕೆ ಹಿಡಿದು, ಗಡಿಯಾರದಿಂದ ಅಂಗಡಿಯ ಬಾಗಿಲವರೆಗೆ ನಡೆಯುತ್ತಲೇ ಚಿತ್ರಿಸಿ, ಆಮೇಲೆ ವೇಗ ಹೆಚ್ಚಿಸಿಕೊಂಡರೆ ಸಾಕು. ಆಕಾಶದಿಂದ ತೆಗೆದ ಡ್ರೋನ್ ಚಿತ್ರ ನೋಡಲು ಚೆನ್ನ, ನಡೆದು ಬರುವವರಿಗೆ ಪ್ರಯೋಜನವಿಲ್ಲ.

ಇಷ್ಟನ್ನೂ ಸೇರಿಸಿದರೆ ಬರಹ ಹೀಗಾಗುತ್ತದೆ:

“ಚಿಕ್ಕ ಗಡಿಯಾರದ ಹತ್ತಿರದ ನಮ್ಮ ಪಾತ್ರೆ ಅಂಗಡಿಗೆ ಇಪ್ಪತ್ತೈದು ವರ್ಷ. ಜೂನ್ ಇಪ್ಪತ್ತೆಂಟು, ಭಾನುವಾರ, ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಮನೆಮಂದಿಯೆಲ್ಲ ಬನ್ನಿ. ಎರಡು ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಖರೀದಿ ಮಾಡಿದ ಮೊದಲ ಇನ್ನೂರು ಬಿಲ್ಲಿಗೆ ಎರಡು ಲೀಟರಿನ ಸ್ಟೀಲ್ ಡಬ್ಬಿ ಉಡುಗೊರೆ. ಒಂದು ಬಿಲ್ಲಿಗೆ ಒಂದು ಡಬ್ಬಿ. ಸಿಟಿ ಬಸ್ ನಿಲ್ದಾಣದಿಂದ ಕೆ.ಆರ್. ವೃತ್ತ ದಾಟಿ ಚಿಕ್ಕ ಗಡಿಯಾರಕ್ಕೆ ಬನ್ನಿ. ದೇವರಾಜ ಮಾರುಕಟ್ಟೆಗೆ ಮುಖ ಮಾಡಿ ನಿಂತರೆ ಎಡಗಡೆಗೆ ಹಸಿರು ಬೋರ್ಡು ಕಾಣುತ್ತದೆ. ಮತ್ತೊಮ್ಮೆ, ಜೂನ್ ಇಪ್ಪತ್ತೆಂಟು, ಭಾನುವಾರ.”

ಅವಸರವಿಲ್ಲದೆ ಓದಿದರೆ ಇದು ಮುಕ್ಕಾಲು ನಿಮಿಷದೊಳಗೆ ಮುಗಿಯುತ್ತದೆ. ಓದುವಾಗ ಉಸಿರು ಕಟ್ಟಿದರೆ ವಾಕ್ಯ ಉದ್ದವಾಗಿದೆ ಎಂದರ್ಥ, ವೇಗ ಹೆಚ್ಚಿಸದೆ ಮಾತು ಕಡಿಮೆ ಮಾಡಿ. ಹಂಚುವ ಮುನ್ನ ಅಂಗಡಿಯನ್ನೇ ಕಾಣದ ಒಬ್ಬರಿಗೆ ಒಂದು ಸಲ ತೋರಿಸಿ, ಫೋನ್ ಹಿಂದಕ್ಕೆ ತೆಗೆದುಕೊಂಡು ಯಾವತ್ತು, ಎಷ್ಟೊತ್ತಿಗೆ, ಏನು ಸಿಗುತ್ತದೆ, ಹೇಗೆ ಹೋಗಬೇಕು ಎಂದು ಕೇಳಿ. ಅವರು ತಡವರಿಸಿದ ಜಾಗವನ್ನೇ ತಿದ್ದಬೇಕು.

ಇನ್ನೊಂದು ಮಾತು. ಹಾಕಿದ ಸ್ಟೇಟಸ್ ಒಂದು ದಿನಕ್ಕೆ ತಾನಾಗಿ ಮಾಯವಾಗುತ್ತದೆ, ಗುಂಪುಗಳಲ್ಲಿ ಹರಿದುಹೋದ ವಿಡಿಯೋ ಮಾತ್ರ ಮುಂದಿನ ಜೂನ್‌ನಲ್ಲೂ ಎಲ್ಲೋ ಮತ್ತೆ ಮೇಲೆ ಬರಬಹುದು. ಬಾಯಲ್ಲಿ ಹೇಳದಿದ್ದರೂ ತೆರೆಯ ಮೇಲಿನ ತಾರೀಖಿನ ಪಕ್ಕ 2026 ಎಂದು ಬರೆಯುವುದನ್ನು ಮರೆಯಬೇಡಿ.