ಚಂದಾ ರಸೀದಿಯ ಲೆಕ್ಕ

ಗಣೇಶೋತ್ಸವದ ಚಂದಾ ಎತ್ತುವವರ ಕೈಗೆ ರಸೀದಿ ಪುಸ್ತಕ ಕೊಡುವಾಗಲೇ ಅದರ ಮೊದಲ ಹಾಗೂ ಕೊನೆಯ ಸಂಖ್ಯೆಗಳನ್ನು ಬರೆದು ಸಹಿ ಪಡೆಯಿರಿ. 101ರಿಂದ 150ರವರೆಗಿನ ಪುಸ್ತಕವೊಂದು ಸಂಜೆ ಹಿಂತಿರುಗಿತೆನ್ನೋಣ. ಖಾಲಿ ಹಾಳೆ 138ರಿಂದ ಮೊದಲಾಗಿದೆ. ಪುಸ್ತಕದಲ್ಲಿ 37 ಕಾರ್ಬನ್ ಪ್ರತಿಗಳಿರಬೇಕು, 36 ಮಾತ್ರ ಇವೆ. 119 ಇಲ್ಲ. ‘ತಪ್ಪಾಯಿತೆಂದು ಹರಿದೆಸೆದೆ’ ಎನ್ನುತ್ತಾನೆ ಹುಡುಗ. ನಿಜವಿರಬಹುದು, ಆದರೆ ಅದನ್ನು ತಿಳಿಯುವ ಬಗೆಯೇ ಉಳಿದಿಲ್ಲ. ಕೆಟ್ಟ ರಸೀದಿಯ ಎರಡೂ ಪ್ರತಿಗಳ ಮೇಲೆ ‘ರದ್ದು’ ಎಂದು ಬರೆದು ಪುಸ್ತಕದಲ್ಲಿಯೇ ಇರಿಸತಕ್ಕದ್ದು.

ಉಳಿದ ಪ್ರತಿಗಳ ಮೊತ್ತ 7,350 ರೂಪಾಯಿ, ತಂದ ನಗದು 7,250. ನೂರು ರೂಪಾಯಿ ಹೂವಿಗೆ ಕೊಟ್ಟನಂತೆ. ಅದನ್ನು ಜಮೆಯಲ್ಲಿ ಕಳೆಯಬೇಡಿ. ಜಮೆಯ ಕಡೆ 7,350, ಖರ್ಚಿನ ಕಡೆ 100 ಎಂದು ಬರೆದು, ಹೂವಾಡಿಗನ ಚೀಟಿಯನ್ನು ಜೊತೆಗಿಡಿರಿ.