ಯಾವ ವ್ಯತ್ಯಾಸದ ಬೆನ್ನು ಹತ್ತಬೇಕು?

1924ರ ಮೇ 16ರಂದು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ವಾಲ್ಟರ್ ಶೂಹಾರ್ಟ್ ತಮ್ಮ ಮೇಲಧಿಕಾರಿಗೆ ಸುಮಾರು ಒಂದು ಪುಟದ ಮೆಮೊ ಬರೆದರು. ಅದರಲ್ಲೊಂದು ಪುಟ್ಟ ನಕ್ಷೆಯಿತ್ತು. ಯಂತ್ರ ಸರಿಯಾಗಿದ್ದರೂ ಅಂಕಿಗಳು ಸ್ವಲ್ಪ ಅತ್ತಿತ್ತ ಆಡುತ್ತವೆ. ಆ ಆಟದ ಗಡಿ ದಾಟಿದಾಗ ಮಾತ್ರ ಕಾರಣ ಹುಡುಕಬೇಕು ಎಂಬುದು ಆ ನಕ್ಷೆಯ ಹಿಂದಿನ ವಿಚಾರ. ಕಾರ್ಖಾನೆಯ ಮ್ಯಾನೇಜರ್‌ಗೆ ವೆಚ್ಚ ವಿಭಾಗ ಇಂದು ಕಳಿಸುವ ಟಿಪ್ಪಣಿಯ ಬೇರೂ ಅಲ್ಲೇ ಇದೆ.

ಬೆಳಗಾವಿಯಲ್ಲಿರುವಂಥ ಒಂದು ಫೌಂಡ್ರಿಯನ್ನು ಊಹಿಸಿಕೊಳ್ಳಬಹುದು. ಇಂಡಕ್ಷನ್ ಫರ್ನೇಸ್‌ನಲ್ಲಿ ತಿಂಗಳಿಗೆ 300 ಟನ್ ಕಬ್ಬಿಣ ಕರಗುತ್ತದೆ. ಟನ್ನಿಗೆ 600 ಯೂನಿಟ್ ವಿದ್ಯುತ್ ಬೇಕೆಂದು ಲೆಕ್ಕ, ಯೂನಿಟ್‌ಗೆ 8 ರೂಪಾಯಿ. ಹಿಂದಿನ ಎರಡು ವರ್ಷಗಳಲ್ಲಿ ತಿಂಗಳ ಸರಾಸರಿ 582ರಿಂದ 618ರೊಳಗೇ ಆಡಿದೆ.

ಮಾರ್ಚ್‌ನಲ್ಲಿ ಅದು 632ಕ್ಕೆ ಜಿಗಿಯಿತು ಎನ್ನೋಣ. ಹೆಚ್ಚುವರಿ ಖರ್ಚು 76,800 ರೂಪಾಯಿ. ಗಡಿ ದಾಟಿದ್ದರಿಂದ ನೋಡಲೇಬೇಕು, ಆದರೆ ಮೊದಲು ಅಗ್ಗದ ಪರೀಕ್ಷೆ ಸಾಕು. ಲಾಗ್‌ಬುಕ್ ತೆರೆದರೆ ಆ ತಿಂಗಳು ಫರ್ನೇಸ್‌ನ ಲೈನಿಂಗ್ ಎರಡು ಬಾರಿ ಬದಲಾಗಿ, ತಣ್ಣಗಾದ ಫರ್ನೇಸನ್ನು ಮತ್ತೆ ಕಾಯಿಸಿದ್ದು ಸಿಗುತ್ತದೆ. ಅಲ್ಲಿಗೆ ತನಿಖೆ ಮುಗಿಯಿತು.

ಜುಲೈನಿಂದ ಡಿಸೆಂಬರ್‌ವರೆಗಿನ ಅಂಕಿಗಳು ಬೇರೆ ಕಥೆ ಹೇಳುತ್ತವೆ: 601, 604, 607, 609, 612, 615. ಒಂದೂ ಗಡಿ ದಾಟಿಲ್ಲ. ಆದರೆ ಆರು ಅಂಕಿಗಳನ್ನು 720 ಕ್ರಮಗಳಲ್ಲಿ ಜೋಡಿಸಬಹುದು. ಅದರಲ್ಲಿ ಪೂರ್ತಿ ಏರುತ್ತ ಹೋಗುವುದು ಒಂದೇ. ಬರಿ ಆಕಸ್ಮಿಕವೆಂದು ಇದನ್ನು ಬದಿಗಿಡುವುದು ಕಷ್ಟ. ಅಚ್ಚುಗಳು ತಡವಾಗಿ ಸಿದ್ಧವಾಗಿ ಕರಗಿದ ಲೋಹ ಕಾಯುತ್ತ ನಿಂತಿರಬಹುದು, ಮುಚ್ಚಳ ಸರಿಯಾಗಿ ಕೂರದೆ ಶಾಖ ಸೋರುತ್ತಿರಬಹುದು. ಲಾಗ್‌ಬುಕ್ಕಿನಲ್ಲಿ ಸುಳಿವು ಸಿಗದಿದ್ದರೆ ಹೊರಗಿನ ತಜ್ಞರನ್ನು ಕರೆಸಬೇಕು. ಶುಲ್ಕ, ನಿಂತ ಉತ್ಪಾದನೆ ಸೇರಿ ಖರ್ಚು 40,000 ಎಂದಿಟ್ಟುಕೊಳ್ಳೋಣ.

ಇಲ್ಲಿ ಮ್ಯಾನೇಜರ್ ಮೂರನೆಯ ತಕ್ಕಡಿ ಹಿಡಿಯಬೇಕಾಗುತ್ತದೆ. ಡಿಸೆಂಬರ್‌ನ ಮಟ್ಟದಲ್ಲಿ ನಷ್ಟ ತಿಂಗಳಿಗೆ 36,000; ಆರು ತಿಂಗಳು ಹಾಗೇ ಬಿಟ್ಟರೆ 2,16,000. ಸರಿಪಡಿಸಬಹುದಾದ ಕಾರಣ ಸಿಗುವ ಸಂಭವ ಹತ್ತರಲ್ಲಿ ಆರು ಎನಿಸಿದರೆ, ನಿರೀಕ್ಷಿತ ಉಳಿತಾಯ 1,29,600. ರಿಪೇರಿ ದುಬಾರಿಯಾಗದಿದ್ದರೆ ತಜ್ಞರನ್ನು ಕರೆಸುವುದೇ ಲಾಭ. ಸಂಭವ ಹತ್ತರಲ್ಲಿ ಒಂದಕ್ಕೆ ಇಳಿದರೆ ಅದೇ ಲೆಕ್ಕ 21,600 ಆಗುತ್ತದೆ. ಆಗ ಇನ್ನೊಂದು ತಿಂಗಳ ಅಂಕಿಗಾಗಿ ಕಾಯುವುದೇ ಸರಿ.

ಖರ್ಚು ಏರಿದಾಗಷ್ಟೇ ಈ ಪರೀಕ್ಷೆಯಲ್ಲ. ಟನ್ನಿಗೆ 560 ಯೂನಿಟ್ ಎಂದು ವರದಿ ಬಂದರೆ ಎಲ್ಲರಿಗೂ ಖುಷಿ. ಆದರೆ ತೂಕದ ಯಂತ್ರ ಹೆಚ್ಚು ತೋರಿಸುತ್ತಿದ್ದರೂ ಇದೇ ಅಂಕಿ ಬರುತ್ತದೆ. ಹೀಗೆ ಕೆಳಗಿನ ಗಡಿ ದಾಟಿದ ತಿಂಗಳಲ್ಲಿ ಮೊದಲು ತಪಾಸಣೆಗೆ ಒಳಪಡಬೇಕಾದ್ದು ಆ ತಕ್ಕಡಿ ಮತ್ತು ವಿದ್ಯುತ್ ಮೀಟರ್.