ತಮ್ಮನ ಕೈಗೆ ಪವರ್ ಆಫ್ ಅಟಾರ್ನಿ

ಅಕ್ಕ ದುಬೈನಲ್ಲಿ, ಸೈಟು ಮಂಡ್ಯದಲ್ಲಿ. ಕ್ರಯಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹಾಜರುಪಡಿಸಬೇಕು, ನೋಂದಣಿಯಾದ ಮೇಲೆ ವಾಪಸು ಪಡೆಯಬೇಕು. ಇಷ್ಟಕ್ಕೇ ರಜೆ ಹಾಕಿ ಬರುವುದೇಕೆ ಎಂದು ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಡುತ್ತಾಳೆ ಎನ್ನಿ.

ಅಲ್ಲಿನ ಭಾರತೀಯ ಕಾನ್ಸುಲೇಟಿನ ಅಧಿಕಾರಿಯ ಮುಂದೆ ಅವಳು ಸಹಿ ಹಾಕಿದರೆ ನೋಂದಣಿ ಕಾಯ್ದೆಯ 33ನೇ ಕಲಂ ಅದನ್ನು ಒಪ್ಪುತ್ತದೆ. ಆದರೆ ಪತ್ರ ಭಾರತಕ್ಕೆ ಬಂದ ದಿನದಿಂದ 3 ತಿಂಗಳೊಳಗೆ ಅದಕ್ಕೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಎಣಿಕೆ ಸಹಿಯ ದಿನದಿಂದಲ್ಲ. ಹಾಗಾಗಿ ತಮ್ಮ ಕೊರಿಯರ್ ಕವರನ್ನು ಎಸೆಯದೆ ಇಟ್ಟುಕೊಳ್ಳುವುದು ಜಾಣತನ. ಪತ್ರ ಕೈ ಸೇರಿದ ದಿನಕ್ಕೆ ಅದೇ ಸಾಕ್ಷಿ.

ವಿಚಿತ್ರವೆಂದರೆ ಅಕ್ಕ ಬೆಂಗಳೂರಿನಲ್ಲೇ ಇದ್ದಿದ್ದರೆ ನಿಯಮ ಇನ್ನೂ ಬಿಗಿ. ದಸ್ತಾವೇಜು ಹಾಜರುಪಡಿಸಲು ಕೊಡುವ ಪವರ್‌ಗೆ ನೋಟರಿ ಮೊಹರು ಸಾಲದು. ತಾನು ವಾಸವಿರುವ ಪ್ರದೇಶದ ಸಬ್ ರಿಜಿಸ್ಟ್ರಾರ್ ಮುಂದೆಯೇ ಸಹಿ ಮಾಡಿ ದೃಢೀಕರಿಸಿಕೊಳ್ಳಬೇಕು. ಜನ ಎಡವುವುದು ಇಲ್ಲೇ. ನೋಟರಿ ಪತ್ರ ಹಿಡಿದು ಸಾಲಿನಲ್ಲಿ ನಿಂತು, ಸಂಜೆ ಬರಿಗೈಯಲ್ಲಿ ಮರಳುತ್ತಾರೆ. ಹಾಸಿಗೆ ಹಿಡಿದವರಿಗೆ ವಿನಾಯಿತಿ ಉಂಟು: ಅಧಿಕಾರಿ ಮನೆಗೇ ಬಂದು ವಿಚಾರಿಸಬಹುದು.

ಇನ್ನು ಒಕ್ಕಣೆ. ಪವರ್‌ನಲ್ಲಿ ಬರೆದಷ್ಟೇ ಅಧಿಕಾರ. ‘ಹಾಜರುಪಡಿಸಲು’ ಎಂದಷ್ಟೇ ಇದ್ದರೆ ಮೂಲಪತ್ರ ಪಡೆಯುವಾಗ ತಕರಾರು ಬರಬಹುದು. ‘ಹಾಜರುಪಡಿಸಲು, ರಸೀದಿ ಪಡೆಯಲು, ಮೂಲಪತ್ರ ವಾಪಸು ಪಡೆಯಲು’ ಎಂದು ಬಿಡಿಸಿ ಬರೆಸಿ, ಸೈಟಿನ ಸಂಖ್ಯೆಯನ್ನೂ ಹಾಕಿಸಿ. ‘ಮಾರಲು’ ಎಂಬ ಪದ ನುಸುಳಿದೆಯೇ ಎಂದು ಸಹಿಗೆ ಮೊದಲು ನೋಡಿ, ತಮ್ಮನೇ ಆದರೂ.